ಒಂದೇ 2.4, ಮೂರು ಅರ್ಥ: ಹಾರ್ಟು ಕಿಡ್ನಿ ಎರಡೂ ಕೈಕೊಟ್ಟ ಒಂದು ಕೇಸು

ಈ ಕೇಸಲ್ಲಿ ಕ್ರಿಯಾಟಿನಿನ್ 2.4 ಅನ್ನೋ ರಿಪೋರ್ಟ್ ಮೂರು ಸಲ ಬಂತು. ಕ್ರಿಯಾಟಿನಿನ್ ಅಂದ್ರೆ ಕಿಡ್ನಿ ಸೋಸಿ ಹೊರಹಾಕೋ ಕಲ್ಮಶ, ಕಿಡ್ನಿ ಸೋತ್ರೆ ರಕ್ತದಲ್ಲಿ ಏರುತ್ತೆ. ಮೊದಲನೇ ಸಲ ಬಂದಾಗ ಮೂತ್ರ ಜಾಸ್ತಿ ಮಾಡಿಸೋ ನೀರಿನ ಮಾತ್ರೆ ನಿಲ್ಲಿಸಿದ್ರು, ಅದು ತಪ್ಪಾಯ್ತು. ಎರಡನೇ ಸಲ ಬಂದಾಗ ನಾವು ನಿಲ್ಲಿಸ್ಲಿಲ್ಲ, ಮೂರನೇ ಸಲ ನಿಲ್ಲಿಸಿದ್ವಿ, ಆ ಎರಡೂ ಸರಿಯಾಯ್ತು. ಅದಕ್ಕೇ ಈ ಕೇಸನ್ನ ಪೂರ್ತಿ ಬರೀಬೇಕು ಅನ್ನಿಸ್ತು. ಪೇಷಂಟ್ ಯಾರು ಅಂತ ಗೊತ್ತಾಗೋ ವಿವರ ಎಲ್ಲಾ ಬದಲಾಯಿಸಿದೀನಿ, ಅವರನ್ನ ಮೇಷ್ಟ್ರು ಅಂತಲೇ ಕರೀತೀನಿ.

ಮೇಷ್ಟ್ರಿಗೆ 66 ವರ್ಷ. ನಾಲ್ಕು ವರ್ಷದ ಹಿಂದೆ ದೊಡ್ಡ ಹಾರ್ಟ್ ಅಟ್ಯಾಕ್ ಆಗಿತ್ತು, ಆಮೇಲೆ ಹಾರ್ಟಿನ ಪಂಪಿಂಗ್ ಕಮ್ಮಿಯಾಗಿ ಎಕೋದಲ್ಲಿ ಇಎಫ್, ಅಂದ್ರೆ ಪ್ರತಿ ಬಡಿತಕ್ಕೆ ಹಾರ್ಟ್ ಹೊರಗೆ ತಳ್ಳೋ ರಕ್ತದ ಪಾಲು, 28 ಪರ್ಸೆಂಟ್‌ಗೆ ನಿಂತಿತ್ತು. ಕ್ರಿಯಾಟಿನಿನ್ ಮಾಮೂಲಿ 1.5 ಇರ್ತಿತ್ತು, ಅಂದ್ರೆ ಕಿಡ್ನಿ ಅರ್ಧ ಕೆಲಸ ಮಾಡ್ತಾ ಇತ್ತು ಅನ್ಕೊಳ್ಳಿ. ಮಾತ್ರೆಗಳು: ನೀರಿನ ಮಾತ್ರೆ ಫ್ಯೂರೋಸಮೈಡ್ 40 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಸಕ್ಯೂಬಿಟ್ರಿಲ್-ವಾಲ್ಸಾರ್ಟನ್ 100 ಎರಡು ಸಲ, ಮೆಟೊಪ್ರೊಲಾಲ್, ಸ್ಪಿರೊನೊಲ್ಯಾಕ್ಟೋನ್ 25, ಡಾಪಾಗ್ಲಿಫ್ಲೋಜಿನ್ 10. ಊತ ಏನೂ ಇಲ್ದಿದ್ದಾಗ ಅವರ ತೂಕ 68 ಕೆಜಿ. ಮೂರು ತಿಂಗಳ ಹಿಂದೆ ನಮ್ಮ ಒಪಿಡಿಗೆ ಬಂದಿದ್ದಾಗ ಆರಾಮಾಗಿ ಮೆಟ್ಟಿಲು ಹತ್ತಿ ಬಂದಿದ್ರು.

ಈ ಸಲ ವೀಲ್‌ಚೇರಲ್ಲಿ ಬಂದ್ರು. ಮಾತಾಡೋಕೆ ಎರಡು ಪದಕ್ಕೆ ಒಂದು ಸಲ ಉಸಿರು ಎಳ್ಕೋಬೇಕು, ರಾತ್ರಿ ಮಲಗೋಕೆ ಆಗಲ್ಲ, ಮೂರು ದಿಂಬು ಇಟ್ಕೊಂಡು ಕೂತೇ ನಿದ್ದೆ. ತೂಕ 77.4. ಒಂಬತ್ತು ಕೆಜಿಗಿಂತ ಜಾಸ್ತಿ, ಎಲ್ಲಾ ಉಪ್ಪುನೀರು.

ಮಗಳು ಹೇಳಿದ ಕಥೆ ಹೀಗಿತ್ತು. ಮೂರು ವಾರದ ಹಿಂದೆ ಮಂಡಿನೋವು ಜಾಸ್ತಿಯಾಗಿ ಯಾರೋ ಹೇಳಿದ್ರು ಅಂತ ಡೈಕ್ಲೋಫೆನಾಕ್ ಶುರು ಮಾಡ್ಕೊಂಡಿದ್ರು, ಹತ್ತು ದಿನ ತಗೊಂಡ್ರು. ಕಾಲು ಊದೋಕೆ ಶುರುವಾಯ್ತು, ಒಂದು ಕ್ಲಿನಿಕ್‌ನಲ್ಲಿ ಬ್ಲಡ್ ಟೆಸ್ಟ್ ಮಾಡಿಸಿದ್ರು, ಕ್ರಿಯಾಟಿನಿನ್ 2.4 ಬಂತು. "ಅಪ್ಪಂಗೆ ಕಿಡ್ನಿ ಒಣಗ್ತಾ ಇದೆ, ನೀರಿನ ಮಾತ್ರೆ ನಿಲ್ಲಿಸಿ, ಚೆನ್ನಾಗಿ ನೀರು ಕುಡಿಸಿ ಅಂದ್ರು ಡಾಕ್ಟ್ರೇ, ನಾನೇ ಬಾಟ್ಲಿ ಲೆಕ್ಕ ಇಟ್ಟು ಕುಡಿಸ್ದೆ" ಅಂದ್ರು ಮಗಳು. ಒಂಬತ್ತು ದಿನ ಆದ್ಮೇಲೆ ನಮ್ಮ ಹತ್ರ ಬಂದಾಗ ಕ್ರಿಯಾಟಿನಿನ್ 2.8.

ಆ ಡಾಕ್ಟ್ರನ್ನ ಬೈಯೋಕೆ ಇದನ್ನ ಬರೀತಿಲ್ಲ. ಆ ಯೋಚನೆ ನಾನೂ ಮಾಡಿದೀನಿ, ನಮಗೆಲ್ಲ ಕಾಲೇಜಿಂದ ತಲೇಲಿ ಕೂತಿರೋದು ಅದೇ: ನೀರಿನ ಮಾತ್ರೆ ತಗೋತಿದಾರೆ, ಕ್ರಿಯಾಟಿನಿನ್ ಏರಿದೆ, ಅಂದ್ರೆ ಮೈಯಲ್ಲಿ ನೀರು ಕಮ್ಮಿಯಾಗಿದೆ, ಮಾತ್ರೆ ನಿಲ್ಸು. ವಾಂತಿ ಭೇದಿ ಆಗಿ ನಾಲಿಗೆ ಒಣಗಿರೋ ಪೇಷಂಟ್‌ಗೆ ಇದು ನೂರಕ್ಕೆ ನೂರು ಸರಿ. ಮೇಷ್ಟ್ರ ಕಾಲು ಊದಿತ್ತಲ್ಲ, ಅಲ್ಲಿ ಯೋಚನೆ ನಿಲ್ಬೇಕಿತ್ತು.

ಕಿಡ್ನಿಗೆ ರಕ್ತ ಎಷ್ಟು ಹರಿಯುತ್ತೆ ಅನ್ನೋದು ಬರೀ ಹಾರ್ಟ್ ಎಷ್ಟು ಜೋರಾಗಿ ತಳ್ಳುತ್ತೆ ಅನ್ನೋದರ ಮೇಲೆ ನಿಂತಿಲ್ಲ. ರಕ್ತ ಒಳಗೆ ಹೋಗಬೇಕು, ಹೊರಗೂ ಬರಬೇಕು. ಒಳಗೆ ಹೋಗೋ ಕಡೆ ಒತ್ತಡ ಅಂದ್ರೆ ಸರಾಸರಿ ಬಿಪಿ, ಹೊರಗೆ ಬರೋ ಕಡೆ ಇರೋದು ದೊಡ್ಡ ಸಿರೆಗಳ ಒತ್ತಡ, ಸಿವಿಪಿ ಅಂತೀವಿ. ಇವೆರಡರ ಮಧ್ಯದ ವ್ಯತ್ಯಾಸವೇ ರಕ್ತವನ್ನ ಕಿಡ್ನಿಯಿಂದ ಆಚೆ ಓಡಿಸೋದು. ಮೇಷ್ಟ್ರ ಬಿಪಿ 108/70, ಸರಾಸರಿ ಸುಮಾರು 83. ಕತ್ತಿನ ಸಿರೆ ಕೂತಾಗಲೂ ಕಿವಿಯ ತುದಿ ತನಕ ಉಬ್ಬಿ ಬಡೀತಾ ಇತ್ತು, ಅದರಿಂದ ಅಂದಾಜು ಮಾಡಿದ್ರೆ ಸಿವಿಪಿ 15ರ ಹತ್ತಿರ. ಅಲ್ಲಿಗೆ ಉಳಿದಿದ್ದು 68. ಅದೇ ಬಿಪಿಯಲ್ಲಿ ಸಿವಿಪಿ 4 ಇದ್ದಿದ್ರೆ 79 ಸಿಗ್ತಿತ್ತು.

ಹನ್ನೊಂದು ಪಾಯಿಂಟ್ ಏನ್ ಮಹಾ ಅನ್ನಿಸಬಹುದು, ಆದ್ರೆ ಲೆಕ್ಕ ಅಲ್ಲಿಗೆ ಮುಗಿಯಲ್ಲ. ಕಿಡ್ನಿ ಸುತ್ತ ಒಂದು ಗಟ್ಟಿ ಪೊರೆ ಇದೆ, ಅದು ಬಲೂನ್ ತರ ಹಿಗ್ಗಲ್ಲ. ಸಿರೆಯಲ್ಲಿ ರಕ್ತ ಹಿಂದಕ್ಕೆ ಒತ್ತಿದಾಗ ಕಿಡ್ನಿ ಒಳಗೇ ನೀರು ಜಿನುಗಿ, ಹೋಗೋಕೆ ಜಾಗ ಇಲ್ದೆ, ಒಳಗಿನ ಸಣ್ಣ ಸಣ್ಣ ಟ್ಯೂಬ್‌ಗಳನ್ನೇ ಅಮುಕುತ್ತೆ. ಅದರ ಜೊತೆ ಹೊಟ್ಟೆಯಲ್ಲಿ ನೀರು ತುಂಬಿ ಬಿಗಿಯಾದ್ರೆ ಹೊರಗಿಂದಲೂ ಒತ್ತಡ. ಇದೇನು ಹೊಸ ವಿಷಯ ಅಲ್ಲ, 1931ರಲ್ಲೇ ವಿಂಟನ್ ಅನ್ನೋರು ದೇಹದಿಂದ ಬೇರ್ಪಡಿಸಿದ ನಾಯಿ ಕಿಡ್ನಿಯ ಸಿರೆಯಲ್ಲಿ ಒತ್ತಡ ಏರಿಸಿದ್ರೆ ಮೂತ್ರ ಇಳಿಯುತ್ತೆ ಅಂತ ತೋರಿಸಿದ್ರು. ಆದ್ರೂ ಮುಂದೆ ಎಷ್ಟೋ ದಶಕ ಎಲ್ರೂ "ಪಂಪ್ ವೀಕ್, ಕಿಡ್ನಿಗೆ ರಕ್ತ ಸಾಲ್ತಿಲ್ಲ" ಅನ್ನೋ ಒಂದೇ ವಿವರಣೆ ಹಿಡ್ಕೊಂಡು ಕೂತಿದ್ವಿ. 2009ರಲ್ಲಿ ಮುಲೆನ್ಸ್ ಮತ್ತವರ ತಂಡ, ಹಾರ್ಟ್ ಫೇಲ್ಯೂರ್ ಆಗಿ ಐಸಿಯು ಸೇರಿದ 145 ಜನರಲ್ಲಿ ಅಳೆದು ನೋಡಿದಾಗ ಕಿಡ್ನಿ ಕೆಡೋದಕ್ಕೂ ಹಾರ್ಟ್ ಎಷ್ಟು ರಕ್ತ ತಳ್ಳುತ್ತೆ ಅನ್ನೋದಕ್ಕೂ ಅಷ್ಟು ಸಂಬಂಧ ಕಾಣ್ಲಿಲ್ಲ, ಸಿವಿಪಿ ಜೊತೆ ಸಂಬಂಧ ಚೆನ್ನಾಗೇ ಕಾಣಿಸ್ತು.

ಈಗ ಸುತ್ತು ಹೇಗೆ ತಿರುಗುತ್ತೆ ನೋಡಿ. ತನ್ನ ಮೂಲಕ ರಕ್ತ ಸರಿಯಾಗಿ ಹರೀತಿಲ್ಲ ಅಂತ ಕಿಡ್ನಿಗೆ ಗೊತ್ತಾಗುತ್ತೆ, ಆದ್ರೆ ಯಾಕೆ ಹರೀತಿಲ್ಲ ಅಂತ ಗೊತ್ತಾಗಲ್ಲ. ರಕ್ತಸ್ರಾವ ಆಗಿದ್ರೆ ಏನು ಮಾಡ್ತಿತ್ತೋ ಅದನ್ನೇ ಮಾಡುತ್ತೆ: ರೆನಿನ್ ಬಿಡುಗಡೆ ಮಾಡಿ, ಆಲ್ಡೋಸ್ಟಿರೋನ್ ಏರಿಸಿ, ಸಿಕ್ಕ ಉಪ್ಪನ್ನೆಲ್ಲ ಹಿಡಿದಿಡುತ್ತೆ. ಮೆದುಳಿಂದ ವಾಸೊಪ್ರೆಸಿನ್ ಬಂದು ನೀರನ್ನೂ ಹಿಡಿಯುತ್ತೆ, ಮೇಷ್ಟ್ರ ರಕ್ತದಲ್ಲಿ ಸೋಡಿಯಂ 129ಕ್ಕೆ ಇಳಿದಿದ್ದು ಅದಕ್ಕೇ, ಉಪ್ಪು ಕಮ್ಮಿಯಾಗಿ ಅಲ್ಲ, ನೀರು ಜಾಸ್ತಿಯಾಗಿ. ಹಿಡಿದ ಉಪ್ಪು ನೀರು ಮತ್ತೆ ಸಿರೆಗೇ ಸೇರುತ್ತೆ, ಈಗಾಗಲೇ ಹಿಗ್ಗಿರೋ ಹಾರ್ಟ್ ಇನ್ನೂ ಹಿಗ್ಗುತ್ತೆ, ಹಿಗ್ಗಿದ ಹಾರ್ಟಿನ ವಾಲ್ವ್ ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರುತ್ತೆ, ಸಿವಿಪಿ ಇನ್ನೂ ಏರುತ್ತೆ. ಇದಕ್ಕೇ ಕಾರ್ಡಿಯೋರೀನಲ್ ಸಿಂಡ್ರೋಮ್ ಅನ್ನೋದು. 2008ರಲ್ಲಿ ರಾಂಕೊ ಅವರು ಐದು ಟೈಪ್ ಮಾಡಿದಾರೆ, ಹಾರ್ಟ್ ತಟ್ಟನೆ ಕೆಟ್ಟು ಕಿಡ್ನಿ ಎಳೆದ್ರೆ ಒಂದನೇ ಟೈಪ್, ನಿಧಾನವಾಗಿ ಎಳೆದ್ರೆ ಎರಡನೇದು, ಹೀಗೆ. ಮೇಷ್ಟ್ರು ಎರಡನೇದರಲ್ಲಿ ಇದ್ದು ಒಂದನೇದಕ್ಕೆ ಜಾರಿದವರು. ನಿಜ ಹೇಳ್ಬೇಕು ಅಂದ್ರೆ ಬೆಡ್ ಪಕ್ಕ ನಿಂತಾಗ ಟೈಪ್ ನಂಬರ್‌ನಿಂದ ಏನೂ ಉಪಯೋಗ ಆಗಲ್ಲ.

ಡೈಕ್ಲೋಫೆನಾಕ್ ಇದರ ಮಧ್ಯ ಬಂದು ಏನು ಮಾಡ್ತು ಅಂದ್ರೆ, ಇಂಥ ಕಷ್ಟದಲ್ಲಿ ಕಿಡ್ನಿ ತನ್ನ ಒಳಬರೋ ನಾಳವನ್ನ ಪ್ರೊಸ್ಟಾಗ್ಲಾಂಡಿನ್ ಸಹಾಯದಿಂದ ತೆರೆದು ಇಟ್ಕೊಂಡಿರುತ್ತೆ, ಆ ಮಾತ್ರೆ ಅದನ್ನೇ ಮುಚ್ಚಿಸ್ತು. ಹೊರಹೋಗೋ ನಾಳವನ್ನ ವಾಲ್ಸಾರ್ಟನ್ ಮೊದಲೇ ಸಡಿಲ ಮಾಡಿತ್ತು. ಒಳಗೆ ಬರೋದು ಕಮ್ಮಿ, ಆಚೆ ಹೋಗೋದು ಸಲೀಸು, ಮಧ್ಯ ಸೋಸೋಕೆ ಬೇಕಾದ ಒತ್ತಡವೇ ಇಲ್ಲ. ಸಾಲದ್ದಕ್ಕೆ ಡೈಕ್ಲೋಫೆನಾಕ್ ಉಪ್ಪನ್ನೂ ಹಿಡಿದಿಡುತ್ತೆ, ನೀರಿನ ಮಾತ್ರೆಯ ಶಕ್ತೀನೂ ತಗ್ಗಿಸುತ್ತೆ. ನಮ್ಮ ಕೇಸಿನ ಕಿಡಿ ಅದೇ.

ಅಡ್ಮಿಟ್ ಮಾಡಿದ ದಿನ ಮೊದಲು ನಾನು ನೋಡಿದ್ದು ಕೈಕಾಲು ಬೆಚ್ಚಗಿದೆಯಾ ಅಂತ. ಇದು ಸಣ್ಣ ವಿಷಯ ಅಲ್ಲ. ಕೈಕಾಲು ತಣ್ಣಗೆ, ಪೇಷಂಟ್ ಮಂಕು, ಲ್ಯಾಕ್ಟೇಟ್ ಏರಿದೆ, ಬಿಪಿಯ ಮೇಲಿನ ಕೆಳಗಿನ ನಂಬರ್ ಹತ್ತಿರ ಹತ್ತಿರ ಬಂದಿದೆ ಅಂದ್ರೆ ಅಲ್ಲಿ ಪಂಪೇ ಸೋತಿದೆ, ಬರೀ ನೀರು ತೆಗೆದ್ರೆ ಆಗಲ್ಲ, ಹಾರ್ಟಿಗೆ ಸಪೋರ್ಟ್ ಬೇಕು. ಮೇಷ್ಟ್ರ ಕೈ ಬೆಚ್ಚಗಿತ್ತು, ಬಿಪಿ ವ್ಯತ್ಯಾಸ 38, ಅಂದ್ರೆ ಮೇಲಿನ ನಂಬರಿನ ಮೂರನೇ ಒಂದು ಭಾಗ, ಕಾಲು ಭಾಗಕ್ಕಿಂತ ಕಮ್ಮಿಯಾದ್ರೆ ಹೆದರ್ಬೇಕು. ಲ್ಯಾಕ್ಟೇಟ್ 1.4. ತೊಡೆ ತನಕ ಬೆರಳು ಒತ್ತಿದ್ರೆ ಗುಳಿ ಬೀಳ್ತಿತ್ತು, ಹೊಟ್ಟೆಯಲ್ಲಿ ನೀರು, ಸ್ಕ್ಯಾನಲ್ಲಿ ಐವಿಸಿ ಅನ್ನೋ ದೊಡ್ಡ ಸಿರೆ 2.4 ಸೆಂಟಿಮೀಟರ್ ಅಗಲ, ಉಸಿರು ಎಳೆದ್ರೂ ಕುಗ್ಗಲ್ಲ. ಕಿಡ್ನಿಯಲ್ಲಿ ಅಡಚಣೆ ಇಲ್ಲ, ಮೂತ್ರದಲ್ಲಿ ರಕ್ತಕಣ ಇಲ್ಲ, ಪ್ರೋಟೀನ್ ಲೇಶ. ಪೊಟ್ಯಾಸಿಯಂ 5.4. ಸರಿ, ಇದು ಬೆಚ್ಚಗೆ ಮುಳುಗಿರೋ ಕೇಸು, ನೀರು ತೆಗೀಬೇಕು.

ಕುಡಿಯೋ ನೀರಿಗೆ ಮಿತಿ ಹಾಕಿದ್ವಿ. ಸ್ಪಿರೊನೊಲ್ಯಾಕ್ಟೋನ್ ಪೊಟ್ಯಾಸಿಯಂ ಏರಿಸೋ ಮಾತ್ರೆ, ಆ 5.4ಕ್ಕೆ ಹೆದರಿ ಅದನ್ನ ನಿಲ್ಲಿಸಿದ್ವಿ, ಸಕ್ಯೂಬಿಟ್ರಿಲ್-ವಾಲ್ಸಾರ್ಟನ್ ಪೂರ್ತಿ ನಿಲ್ಲಿಸದೆ ಅರ್ಧ ಮಾಡಿದ್ವಿ, ಉಳಿದಿದ್ದು ಹಾಗೇ. ಡೈಕ್ಲೋಫೆನಾಕ್ ಸ್ಟ್ರಿಪ್ ಮಗಳ ಬ್ಯಾಗಲ್ಲೇ ಇತ್ತು, ಇಸ್ಕೊಂಡೆ.

ಇನ್ನು ಫ್ಯೂರೋಸಮೈಡ್. ಈ ಔಷಧಿ ರಕ್ತದಲ್ಲಿ ಇದ್ರೆ ಕೆಲಸ ಮಾಡಲ್ಲ ಅನ್ನೋದನ್ನ ಬಹಳ ಜನ ಮರೀತಾರೆ. ಅದು ರಕ್ತದಲ್ಲಿ ಆಲ್ಬುಮಿನ್‌ಗೆ ಅಂಟ್ಕೊಂಡು ಕಿಡ್ನಿಗೆ ಬರಬೇಕು, ಅಲ್ಲಿ ಟ್ಯೂಬಿನ ಗೋಡೆಯ ಜೀವಕೋಶಗಳು ಅದನ್ನ ಹಿಡಿದು ಒಳಕ್ಕೆ, ಮೂತ್ರದ ಕಡೆಗೆ ಎಸೀಬೇಕು, ಆಮೇಲೆ ಮೂತ್ರದ ಜೊತೆ ತೇಲ್ಕೊಂಡು ಹೋಗಿ ಒಳಗಡೆಯಿಂದ ಉಪ್ಪಿನ ಬಾಗಿಲು ಮುಚ್ಚಬೇಕು. ಕಿಡ್ನಿ ಕೆಟ್ಟಾಗ ರಕ್ತದಲ್ಲಿ ಸೇರ್ಕೊಂಡ ಕಲ್ಮಶಗಳೂ ಅದೇ ಎಸೆಯೋ ದಾರೀಲಿ ಕ್ಯೂ ನಿಂತಿರ್ತವೆ, ಔಷಧಿಗೆ ಜಾಗ ಸಿಗಲ್ಲ. ಹಾಗಾಗಿ ಕ್ರಿಯಾಟಿನಿನ್ ಜಾಸ್ತಿ ಇದ್ದಷ್ಟೂ ಡೋಸ್ ಜಾಸ್ತಿ ಬೇಕು. ಕಿಡ್ನಿ ವೀಕ್ ಅಂತ ಡೋಸ್ ಕಮ್ಮಿ ಮಾಡೋದು ತಲೆಕೆಳಗಾದ ಲೆಕ್ಕ.

ಇನ್ನೊಂದು, ಇದಕ್ಕೆ ಹೊಸ್ತಿಲು ಇದೆ. ಹೊಸ್ತಿಲು ದಾಟೋವಷ್ಟು ಔಷಧಿ ಒಂದೇ ಸಲ ಟ್ಯೂಬಿಗೆ ಸೇರಿದ್ರೆ ಮಾತ್ರ ಮೂತ್ರ ಬರುತ್ತೆ, ಸೇರದೇ ಇದ್ರೆ ಏನೂ ಇಲ್ಲ. ಒಬ್ಬರ ಹೊಸ್ತಿಲು 100 ಇದ್ದಾಗ 40 ಮಿಲಿಗ್ರಾಂ ಮೂರು ಸಲ ಕೊಟ್ರೆ ಮೂರೂ ವ್ಯರ್ಥ, ಅದೇ 120 ಒಂದೇ ಸಲ ಕೊಟ್ರೆ ಕೆಲಸ ಆಗುತ್ತೆ. ಮೊತ್ತ ಒಂದೇ, ಫಲ ಬೇರೆ. ಜೊತೆಗೆ ಕರುಳೇ ಊದ್ಕೊಂಡಿದ್ದಾಗ ಬಾಯಲ್ಲಿ ತಗೊಂಡ ಮಾತ್ರೆ ಸರಿಯಾಗಿ ಹತ್ತೋದೂ ಇಲ್ಲ, ಅದಕ್ಕೇ ಇಂಜೆಕ್ಷನ್.

ಮನೇಲಿ ಒಟ್ಟು 80 ತಗೋತಿದ್ರಲ್ಲ, ಮೊದಲ ಡೋಸ್ 80 ಮಿಲಿಗ್ರಾಂ ಐವಿ ಕೊಟ್ವಿ, ಕೊಡೋಕೆ ಮುಂಚೆ ಮೂತ್ರ ಖಾಲಿ ಮಾಡಿಸಿ. ಎರಡು ಗಂಟೆ ಬಿಟ್ಟು ಹಿಡಿದ ಮೂತ್ರದಲ್ಲಿ ಸೋಡಿಯಂ ನೋಡಿದ್ವಿ, 38. ಲೀಟರಿಗೆ 50ರಿಂದ 70 ಮಿಲಿಮೋಲ್‌ಗಿಂತ ಕಮ್ಮಿ ಬಂದ್ರೆ ಡೋಸ್ ಸಾಲ್ತಿಲ್ಲ ಅಂತ ಅರ್ಥ. ಆರು ಗಂಟೇಲಿ ಮೂತ್ರ 400 ಎಂಎಲ್, ಅಂದ್ರೆ ಗಂಟೆಗೆ 70 ಕೂಡ ಇಲ್ಲ, 100ರಿಂದ 150 ಬರಬೇಕಿತ್ತು. ಹಿಂದೆ ಎಲ್ಲ ನಾವು ಮಾರನೇ ದಿನ ಬೆಳಿಗ್ಗೆ ತೂಕ ನೋಡಿ "ಸಾಲ್ಲಿಲ್ಲ, ಇವತ್ತು ಸ್ವಲ್ಪ ಜಾಸ್ತಿ ಮಾಡೋಣ" ಅಂತಿದ್ವಿ, ಒಂದಿಡೀ ದಿನ ಹೋಗ್ತಿತ್ತು. ಈಗ ಮಧ್ಯಾಹ್ನವೇ ಗೊತ್ತಾಗುತ್ತೆ.

ಡೋಸ್ ಡಬಲ್ ಮಾಡಿ 160 ಕೊಟ್ವಿ. ಇದನ್ನ ಒಂದೇ ಸಲ ತಳ್ಳಬಾರದು, ನಿಮಿಷಕ್ಕೆ 4 ಮಿಲಿಗ್ರಾಂ ದಾಟಿದ್ರೆ ಕಿವಿ ಗುಂಯ್ ಅನ್ನೋದು, ಕೇಳಿಸದೇ ಹೋಗೋದು ಆಗಬಹುದು, ಅದಕ್ಕೆ 40 ನಿಮಿಷ ಡ್ರಿಪ್‌ನಲ್ಲಿ ಬಿಟ್ವಿ. ಈ ಸಲ ಎರಡು ಗಂಟೆಗೆ ಸೋಡಿಯಂ 86, ಆರು ಗಂಟೇಲಿ 1150 ಎಂಎಲ್. ಹೊಸ್ತಿಲು ಸಿಕ್ತು. ಅದೇ 160 ದಿನಕ್ಕೆ ಎರಡು ಸಲ ಮುಂದುವರಿಸಿದ್ವಿ. ಎರಡು ಸಲ ಯಾಕೆ ಅಂದ್ರೆ ಔಷಧಿಯ ಪ್ರಭಾವ ಆರು ಗಂಟೆಗೆ ಮುಗಿದುಹೋಗುತ್ತೆ, ಆಮೇಲೆ ಕಿಡ್ನಿ ಕಳ್ಕೊಂಡಿದ್ದೆಲ್ಲ ವಾಪಸ್ ಹೀರ್ಕೊಳ್ಳೋಕೆ ಕೂರುತ್ತೆ.

ಎರಡನೇ ದಿನ ತೂಕ 76.2, ಮೂರನೇ ದಿನ 74.0, ನಾಲ್ಕನೇ ದಿನ 72.1. ಕ್ರಿಯಾಟಿನಿನ್ ಏರಿತಾ? ಇಲ್ಲ. 2.8 ಇದ್ದದ್ದು 2.5, ಆಮೇಲೆ 2.2. ಐದು ಕೆಜಿ ನೀರು ತೆಗೆದಿದ್ದಕ್ಕೆ ಕಿಡ್ನಿ ಸುಧಾರಿಸ್ತು. ಮಗಳಿಗೆ ನಂಬೋಕೇ ಆಗ್ಲಿಲ್ಲ, "ಕಿಡ್ನಿಗೆ ನೀರು ಬೇಕು ಅಂತಾರಲ್ಲ ಡಾಕ್ಟ್ರೇ" ಅಂದ್ರು. ನಾನು "ಮೇಡಂ, ಮೋರಿ ಕಟ್ಕೊಂಡು ಮನೆ ತುಂಬಾ ನೀರು ನಿಂತಿರುವಾಗ ಮೇಲಿಂದ ನಲ್ಲಿ ಬಿಟ್ರೆ ಆಗುತ್ತಾ" ಅಂದೆ, ಅದಕ್ಕಿಂತ ಚೆನ್ನಾಗಿ ಹೇಳೋಕೆ ನಂಗೆ ಬರಲ್ಲ.

ಐದನೇ ದಿನ ಗಾಡಿ ನಿಂತ್ಕೊಳ್ತು. ತೂಕ 71.8, ಇಡೀ ದಿನಕ್ಕೆ ಮೂತ್ರ 1.2 ಲೀಟರ್, ಮೂತ್ರದ ಸೋಡಿಯಂ 44ಕ್ಕೆ ಇಳಿದಿತ್ತು, ಡೋಸ್ ಅದೇ 160. ಇದೂ ನಿರೀಕ್ಷಿತವೇ. ಫ್ಯೂರೋಸಮೈಡ್ ಟ್ಯೂಬಿನ ಒಂದು ಭಾಗದಲ್ಲಿ ಮಾತ್ರ ಬಾಗಿಲು ಮುಚ್ಚುತ್ತೆ, ಅದರ ಮುಂದಿನ ಭಾಗ ದಿನ ಕಳೆದಂತೆ ಮೈ ಬೆಳೆಸ್ಕೊಂಡು ಜಾರಿಬಂದ ಉಪ್ಪನ್ನೆಲ್ಲ ಹಿಡ್ಕೊಳ್ಳೋದು ಕಲಿಯುತ್ತೆ. ಇಲ್ಲಿ ಡೋಸ್ ಏರಿಸ್ತಾ ಹೋಗೋದಕ್ಕಿಂತ ಬೇರೆ ಜಾಗದಲ್ಲಿ ಕೆಲಸ ಮಾಡೋ ಎರಡನೇ ಔಷಧಿ ಸೇರಿಸೋದು ಒಳ್ಳೇದು. ಸಾಮಾನ್ಯವಾಗಿ ಮೆಟೊಲಜೋನ್ ಸೇರಿಸ್ತೀವಿ, ಜೋರಾಗಿ ಕೆಲಸ ಮಾಡುತ್ತೆ, ಆದ್ರೆ ಸೋಡಿಯಂ ಪೊಟ್ಯಾಸಿಯಂ ಎರಡನ್ನೂ ಗುಡಿಸಿ ಹಾಕುತ್ತೆ. ಮೇಷ್ಟ್ರ ರಕ್ತದ ಸೋಡಿಯಂ ಆಗ 131, ರಕ್ತದ ಕ್ಷಾರ ಅಂದ್ರೆ ಬೈಕಾರ್ಬೊನೇಟ್ 33ಕ್ಕೆ ಏರಿತ್ತು. ಆ ಬೈಕಾರ್ಬೊನೇಟ್ ನೋಡಿ ಅಸೆಟಜೋಲಮೈಡ್ ಆರಿಸ್ಕೊಂಡ್ವಿ, ಅದು ಟ್ಯೂಬಿನ ಆರಂಭದಲ್ಲೇ ಸೋಡಿಯಂ ಬೈಕಾರ್ಬೊನೇಟನ್ನ ಹೊರಗೆ ಬಿಡುತ್ತೆ. 2022ರ ಅಡ್ವೋರ್ ಅನ್ನೋ ಟ್ರಯಲ್‌ನಲ್ಲಿ 519 ಜನಕ್ಕೆ ಪರೀಕ್ಷೆ ಮಾಡಿದಾಗ ಇದನ್ನ ಸೇರಿಸಿದವರಲ್ಲಿ ಊತ ಬೇಗ ಇಳಿದಿತ್ತು. ಅಲ್ಲಿ ಕೊಟ್ಟಿದ್ದು 500 ಮಿಲಿಗ್ರಾಂ ಇಂಜೆಕ್ಷನ್, ನಮ್ಮಲ್ಲಿ ಸಿಕ್ಕಿದ್ದು ಮಾತ್ರೆ, 250 ಎರಡು ಸಲ ಕೊಟ್ವಿ. ಡಾಪಾಗ್ಲಿಫ್ಲೋಜಿನ್ ತರದ ಮಾತ್ರೆ ತಗೋತಿದ್ದವರನ್ನ ಆ ಟ್ರಯಲ್‌ಗೆ ಸೇರಿಸ್ಕೊಂಡೇ ಇರ್ಲಿಲ್ಲ, ಹಾಗಾಗಿ ಮೇಷ್ಟ್ರ ಮಟ್ಟಿಗೆ ಇದು ಅಲ್ಲಿಂದ ನೇರ ಎತ್ಕೊಂಡ ಉತ್ತರ ಅಲ್ಲ, ನಮ್ಮ ಅಂದಾಜು. ಪೊಟ್ಯಾಸಿಯಂ ಅಷ್ಟರಲ್ಲಿ 3.5ಕ್ಕೆ ಇಳಿದಿತ್ತು, ಸ್ಪಿರೊನೊಲ್ಯಾಕ್ಟೋನ್ ವಾಪಸ್ ಶುರು ಮಾಡಿದ್ವಿ. ಆರನೇ ದಿನ 70.3, ಏಳನೇ ದಿನ 69.0.

ಏಳನೇ ದಿನ ರಾತ್ರಿ ನಮ್ಮಲ್ಲಿ ಪಿಜಿ ಓದ್ತಿರೋ ಡಾಕ್ಟರ್ ಹುಡುಗಿ ಫೋನ್ ಮಾಡಿದ್ಳು. "ಸರ್, ಮೇಷ್ಟ್ರ ಕ್ರಿಯಾಟಿನಿನ್ 2.1 ಇದ್ದದ್ದು 2.4 ಆಗಿದೆ, ರಾತ್ರಿ ಲ್ಯಾಸಿಕ್ಸ್ ಹೋಲ್ಡ್ ಮಾಡ್ಲಾ?"

ಲ್ಯಾಸಿಕ್ಸ್ ಅಂದ್ರೆ ಅದೇ ಫ್ಯೂರೋಸಮೈಡ್. ಎರಡನೇ 2.4. ನಾನು ಅವಳಿಗೆ "ಮೊದಲು ಕತ್ತು ನೋಡಮ್ಮ, ಬೆನ್ನು ನೋಡು, ಮೇಷ್ಟ್ರನ್ನ ಎದ್ದು ನಿಲ್ಲಿಸಿ ಬಿಪಿ ನೋಡು, ಹೀಮೊಗ್ಲೋಬಿನ್ ಎಷ್ಟು ನೋಡು, ಆಮೇಲೆ ಮಾತಾಡೋಣ" ಅಂದೆ. ಹತ್ತು ನಿಮಿಷಕ್ಕೆ ವಾಪಸ್ ಫೋನ್. ಕತ್ತಿನ ಸಿರೆ ಇನ್ನೂ ಅರ್ಧ ಕತ್ತಿನ ತನಕ ಉಬ್ಬಿದೆ. ಕಾಲಿನ ಊತ ಹೋಗಿದೆ, ಆದ್ರೆ ಸೊಂಟದ ಹಿಂದೆ ಒತ್ತಿದ್ರೆ ಗುಳಿ ಬೀಳ್ತಿದೆ. ಇದು ಯಾವಾಗ್ಲೂ ತಪ್ಪಿಹೋಗೋ ಜಾಗ, ಹಾಸಿಗೆ ಹಿಡಿದವರಲ್ಲಿ ನೀರು ಕಾಲು ಬಿಟ್ಟು ಬೆನ್ನಿಗೆ ಸೇರುತ್ತೆ, ಕಾಲು ನೋಡಿ "ಊತ ಇಳೀತು" ಅಂತ ಬರೆದುಬಿಡ್ತಾರೆ. ಮಲಗಿ 110/68, ನಿಂತು 106/68. ಕೈ ಬೆಚ್ಚಗೆ, ಮೂತ್ರ ಚೆನ್ನಾಗಿ ಬರ್ತಿದೆ. ಹೀಮೊಗ್ಲೋಬಿನ್ ಅಡ್ಮಿಟ್ ಆದಾಗ 10.6 ಇದ್ದದ್ದು 11.7.

ಹೀಮೊಗ್ಲೋಬಿನ್ ಯಾಕೆ ಕೇಳಿದೆ ಅಂದ್ರೆ, ರಕ್ತ ಕೊಟ್ಟಿಲ್ಲ, ಆದ್ರೂ ಏರಿದೆ, ಅಂದ್ರೆ ರಕ್ತನಾಳದ ಒಳಗಿನ ನೀರು ಕಮ್ಮಿಯಾಗಿ ರಕ್ತ ಗಟ್ಟಿಯಾಗಿದೆ. ನಾವು ಮೂತ್ರದಲ್ಲಿ ತೆಗೆಯೋದು ರಕ್ತನಾಳದ ಒಳಗಿನ ನೀರನ್ನ, ಹೊರಗೆ ಮಾಂಸದಲ್ಲಿ ನಿಂತಿರೋ ನೀರು ಆಮೇಲೆ ನಿಧಾನವಾಗಿ ಒಳಗೆ ಬಂದು ಆ ಜಾಗ ತುಂಬಬೇಕು. ತೆಗೆಯೋ ವೇಗ ತುಂಬೋ ವೇಗಕ್ಕಿಂತ ಸ್ವಲ್ಪ ಜಾಸ್ತಿಯಾದ್ರೆ ಕ್ರಿಯಾಟಿನಿನ್ ಒಂಚೂರು ಏರುತ್ತೆ. ಅದು ಸೋಸೋ ಕೆಲಸ ತಾತ್ಕಾಲಿಕವಾಗಿ ಇಳಿದಿದ್ದು, ಟ್ಯೂಬ್ ಸತ್ತಿದ್ದಲ್ಲ. ಊತ ಇಳೀತಾ ಇರೋವಾಗ ಏರೋ ಕ್ರಿಯಾಟಿನಿನ್‌ಗೂ, ಊತ ಹಾಗೇ ಉಳಿದು ಏರೋ ಕ್ರಿಯಾಟಿನಿನ್‌ಗೂ ಅಜಗಜಾಂತರ, ಮೊದಲನೇ ಗುಂಪಿನವರು ಮನೆಗೆ ಹೋಗಿ ಆರಾಮಾಗಿರ್ತಾರೆ, ಎರಡನೇ ಗುಂಪಿನವರು ವಾಪಸ್ ಬರ್ತಾರೆ ಅಥವಾ ಉಳಿಯಲ್ಲ. 2011ರ ಡೋಸ್ ಅನ್ನೋ ಟ್ರಯಲ್‌ನಲ್ಲೂ ಜಾಸ್ತಿ ಡೋಸ್ ಕೊಟ್ಟ ಗುಂಪಿನಲ್ಲಿ ಕ್ರಿಯಾಟಿನಿನ್ ಏರಿದವರು 23 ಪರ್ಸೆಂಟ್, ಕಮ್ಮಿ ಡೋಸಿನವರಲ್ಲಿ 14, ಆದ್ರೆ 60 ದಿನ ಆದ್ಮೇಲೆ ನೋಡಿದ್ರೆ ಕಿಡ್ನಿಯಲ್ಲಿ ವ್ಯತ್ಯಾಸ ಇರ್ಲಿಲ್ಲ.

ಹೋಲ್ಡ್ ಮಾಡ್ಬೇಡ ಅಂದೆ. ಅಸೆಟಜೋಲಮೈಡ್ ಅಷ್ಟೇ ನಿಲ್ಲಿಸಿದ್ವಿ, ಬೈಕಾರ್ಬೊನೇಟ್ 27ಕ್ಕೆ ಬಂದಿತ್ತು. ನಿಜ ಹೇಳ್ತೀನಿ, ಫೋನ್ ಇಟ್ಟ ಮೇಲೆ ನಂಗೂ ಸರಿಯಾಗಿ ನಿದ್ದೆ ಬರ್ಲಿಲ್ಲ, ಇಂಥ ಕಡೆ ನಮ್ಮ ಲೆಕ್ಕ ತಪ್ಪಾಗಿರೋದೂ ಉಂಟು. ಎಂಟನೇ ದಿನ ಬೆಳಿಗ್ಗೆ ತೂಕ 68.1, ಕ್ರಿಯಾಟಿನಿನ್ 2.2.

ಇಲ್ಲಿ ಒಂದು ಬಲೆ ಇತ್ತು, ನಾನೇ ಅರ್ಧ ಬಿದ್ದೆ. ಹಳೇ ಒಣ ತೂಕ 68, ಈಗ 68.1, ಆಯ್ತಲ್ಲ ಅಂತ ಅನ್ಕೊಂಡೆ. ಆದ್ರೆ ಮೂರು ವಾರದಿಂದ ಸರಿಯಾಗಿ ಊಟ ಇಲ್ಲ, ಹಾಸಿಗೆ ಮೇಲೇ ಇದಾರೆ, ಮಾಂಸಖಂಡ ಕರಗಿರುತ್ತೆ, ಹಾಗಾಗಿ 68 ಅನ್ನೋದರಲ್ಲಿ ಒಂದು ಕೆಜಿಯಷ್ಟು ಇನ್ನೂ ನೀರೇ. ಕತ್ತಿನ ಸಿರೆ ಕಾಲರ್ ಮೂಳೆಯ ಮೇಲೆ ಇನ್ನೂ ಎರಡು ಬೆರಳು ಕಾಣ್ತಿತ್ತು. ಇನ್ನೊಂದು ದಿನ ಮುಂದುವರಿಸೋಣ ಅಂದ್ವಿ, ಆದ್ರೆ ಡೋಸ್ ಇಳಿಸಬೇಕಿತ್ತು, ಇಳಿಸ್ಲಿಲ್ಲ, ಆ ತಪ್ಪು ನಂದೇ.

ಒಂಬತ್ತನೇ ದಿನ ಮೂರನೇ 2.4. ತೂಕ 66.4, ಒಂದೇ ದಿನಕ್ಕೆ 1.7 ಕೆಜಿ ಇಳಿದಿತ್ತು. ಈ ಸಲ ಚಿತ್ರ ಬೇರೆ. ಕತ್ತಿನ ಸಿರೆ 45 ಡಿಗ್ರಿಯಲ್ಲಿ ಕಾಣಿಸ್ತಿಲ್ಲ, ಪೂರ್ತಿ ಮಲಗಿಸಿದ್ರೆ ಮಾತ್ರ ಕಾಣುತ್ತೆ. ಬೆನ್ನಲ್ಲಿ ಗುಳಿ ಇಲ್ಲ. ಮಲಗಿ 104/64, ನಿಂತ್ರೆ 84/58, "ಕಣ್ಣು ಮಂಜಾಗುತ್ತೆ ಡಾಕ್ಟ್ರೇ" ಅಂತ ಮೇಷ್ಟ್ರು ಮಂಚದ ಕಂಬಿ ಹಿಡ್ಕೊಂಡ್ರು. ಐವಿಸಿ 1.3 ಸೆಂಟಿಮೀಟರ್, ಉಸಿರೆಳೆದ್ರೆ ಮುಕ್ಕಾಲು ಕುಗ್ಗುತ್ತೆ. ಯೂರಿಯಾ ಕ್ರಿಯಾಟಿನಿನ್‌ಗಿಂತ ಜೋರಾಗಿ ಏರಿದೆ. ಇದು ಒಣಗಿರೋ 2.4. ಇಂಜೆಕ್ಷನ್ ನಿಲ್ಲಿಸಿ, ಒಂದು ದಿನ ನೀರಿನ ಔಷಧಿಯೇ ಕೊಡದೆ, ನೀರಿನ ಮಿತಿ ಸಡಿಲ ಮಾಡಿದ್ವಿ. ಸಲೈನ್ ಹಾಕ್ಲಿಲ್ಲ, ಅಷ್ಟು ಬೇಕಾಗಿರ್ಲಿಲ್ಲ, ಇಂಥ ಹಾರ್ಟಿಗೆ ಒಂದು ಬಾಟ್ಲಿ ಸಲೈನ್ ಹಾಕಿ ಎರಡು ದಿನದ ಕೆಲಸ ಹಾಳು ಮಾಡ್ಕೊಂಡವರನ್ನ ನೋಡಿದೀನಿ.

ಈ ನೀರು ಇಳಿಸೋ ಹಂತದಲ್ಲಿ ಔಷಧಿಗೆ ಬಗ್ಗದವರೂ ಇರ್ತಾರೆ, ಅವರಿಗೆ ಮೆಷಿನ್ ಹಾಕಿ ನೀರು ಎಳೆಯೋದು ಅಂದ್ರೆ ಅಲ್ಟ್ರಾಫಿಲ್ಟ್ರೇಶನ್ ಇದೆ. ಮೊದಲೇ ಅದಕ್ಕೆ ಹೋಗೋಣ ಅಂತ ಪೇಷಂಟ್ ಕಡೆಯವರು ಕೇಳ್ತಾರೆ, ಆದ್ರೆ 2012ರ ಕ್ಯಾರೆಸ್ ಟ್ರಯಲ್‌ನಲ್ಲಿ ಹಂತಹಂತವಾಗಿ ಔಷಧಿ ಏರಿಸಿದವರಷ್ಟೇ ತೂಕ ಮೆಷಿನ್‌ನವರಲ್ಲೂ ಇಳೀತು, ಕ್ರಿಯಾಟಿನಿನ್ ಮಾತ್ರ ಮೆಷಿನ್‌ನವರಲ್ಲಿ ಜಾಸ್ತಿ ಕೆಡ್ತು. ಅದು ಕೊನೇ ಅಸ್ತ್ರ. ಕಮ್ಮಿ ಡೋಸ್ ಡೋಪಮಿನ್ ಕಿಡ್ನಿಗೆ ಒಳ್ಳೇದು ಅನ್ನೋ ಹಳೇ ನಂಬಿಕೆಯೂ 2013ರ ರೋಸ್ ಟ್ರಯಲ್‌ನಲ್ಲಿ ನಿಲ್ಲಲಿಲ್ಲ.

ಹನ್ನೊಂದನೇ ದಿನ ತೂಕ 67.0, ಕ್ರಿಯಾಟಿನಿನ್ 2.0, ನಿಂತಾಗ ಬಿಪಿ ಬೀಳ್ತಿಲ್ಲ. ಮೇಷ್ಟ್ರ ಹೊಸ ಒಣ ತೂಕ 67 ಅಂತ ಡಿಸ್ಚಾರ್ಜ್ ಶೀಟಲ್ಲಿ ದೊಡ್ಡದಾಗಿ ಬರೆದ್ವಿ. ಫ್ಯೂರೋಸಮೈಡ್ ಬದಲು ಟಾರ್ಸಮೈಡ್ 40 ಬೆಳಿಗ್ಗೆ ಒಂದೇ ಸಲ ಕೊಟ್ಟೆ, ಅದು ಕರುಳಿಂದ ಹೆಚ್ಚುಕಮ್ಮಿ ಪ್ರತಿ ಸಲ ಒಂದೇ ತರ ಹತ್ತುತ್ತೆ ಅಂತ. ಇದರಿಂದ ಆಯಸ್ಸು ಹೆಚ್ಚುತ್ತೆ ಅಂತೇನಿಲ್ಲ, 2023ರ ಟ್ರಾನ್ಸ್‌ಫಾರ್ಮ್ ಟ್ರಯಲ್‌ನಲ್ಲಿ ಎರಡೂ ಸಮಾನ ಅಂತಲೇ ಬಂತು, ಇದು ನನ್ನ ಅಭ್ಯಾಸ ಅಷ್ಟೇ. ಸಕ್ಯೂಬಿಟ್ರಿಲ್-ವಾಲ್ಸಾರ್ಟನ್ 50ರಲ್ಲೇ ಬಿಟ್ವಿ, ಡಾಪಾಗ್ಲಿಫ್ಲೋಜಿನ್ ಮೆಟೊಪ್ರೊಲಾಲ್ ಮುಂಚಿನಂತೆ, ಸ್ಪಿರೊನೊಲ್ಯಾಕ್ಟೋನ್ ಇರಲಿ ಆದ್ರೆ ಒಂದೇ ವಾರಕ್ಕೆ ಪೊಟ್ಯಾಸಿಯಂ ಟೆಸ್ಟ್. ಮಂಡಿನೋವಿಗೆ ಪ್ಯಾರಾಸಿಟಮಾಲ್ ಮಾತ್ರ.

ಹೊರಡೋ ಮುಂಚೆ ಮಗಳ ಹತ್ರ ಕೂತು ಎರಡು ಮಾತು ಬರೆಸಿದೆ. ಬೆಳಿಗ್ಗೆ ಮೂತ್ರ ಹೋಗಿ ಬಂದ್ಮೇಲೆ, ತಿಂಡಿಗೆ ಮುಂಚೆ ತೂಕ. ಮೂರು ದಿನದಲ್ಲಿ ಎರಡು ಕೆಜಿ ಏರಿದ್ರೆ ಟಾರ್ಸಮೈಡ್ ಇನ್ನೊಂದು 20 ಸೇರಿಸಿ ಅವತ್ತೇ ಫೋನ್ ಮಾಡಿ, 65.5ಕ್ಕೆ ಇಳಿದ್ರೆ ಅಥವಾ ವಾಂತಿ ಭೇದಿ ಆದ್ರೆ ಟಾರ್ಸಮೈಡ್, ಡಾಪಾಗ್ಲಿಫ್ಲೋಜಿನ್, ಸ್ಪಿರೊನೊಲ್ಯಾಕ್ಟೋನ್ ನಿಲ್ಲಿಸಿ ಅವತ್ತೇ ಫೋನ್ ಮಾಡಿ. ಮಗಳು ಪುಸ್ತಕದಲ್ಲಿ ತೂಕಕ್ಕೆ ಒಂದು ಕಾಲಂ, ಕ್ರಿಯಾಟಿನಿನ್‌ಗೆ ಒಂದು ಕಾಲಂ ಗೆರೆ ಎಳೆದ್ರು, ಎರಡನ್ನೂ ಅಕ್ಕಪಕ್ಕ.

ಎರಡು ವಾರಕ್ಕೆ ಕ್ರಿಯಾಟಿನಿನ್ 1.8, ಪೊಟ್ಯಾಸಿಯಂ 4.7, ತೂಕ 67.3. ಆರು ವಾರಕ್ಕೆ 1.7, ಆಗ ಸಕ್ಯೂಬಿಟ್ರಿಲ್-ವಾಲ್ಸಾರ್ಟನ್ ಮತ್ತೆ 100ಕ್ಕೆ ಏರಿಸಿದ್ವಿ. ಹಳೇ 1.5ಕ್ಕೆ ಅದು ವಾಪಸ್ ಬರ್ಲಿಲ್ಲ. ಡೋಸ್ ಏರಿಸಿ ಹತ್ತು ದಿನಕ್ಕೆ ಮಾಡಿಸಿದ ಟೆಸ್ಟಲ್ಲಿ 1.9 ಬಂದಾಗ ಮಗಳು ಫೋನ್ ಮಾಡಿ ರಿಪೋರ್ಟ್ ಓದಿದ್ರು, ನಾನು ಬಾಯಿ ತೆರೆಯೋ ಮುಂಚೆ ಅವರೇ, "ತೂಕ 67.1, ಕಾಲು ಬೆನ್ನು ಎರಡೂ ನೋಡಿದೀನಿ, ಊತ ಇಲ್ಲ, ನಿಂತಾಗ ಬಿಪಿ 108" ಅಂದ್ರು. ಮಾತ್ರೆ ಯಾವುದೂ ಬದಲಾಯಿಸ್ಲಿಲ್ಲ, ಹದಿನೈದು ದಿನ ಬಿಟ್ಟು ಇನ್ನೊಂದು ಸಲ ರಕ್ತ ಕೊಡಿ ಅಂದೆ.